ಬಟರ್‌ಫ್ಲೈ ಸ್ಪ್ರೆಡ್: ಶಾಂತ ಮಾರುಕಟ್ಟೆಗೆ ಕಟ್ಟುವ ಬೆಲೆ

ಆಪ್ಷನ್ ವ್ಯವಹಾರದಲ್ಲಿ ಮಾರುಕಟ್ಟೆ ಏರುತ್ತದೆ ಎನ್ನುವವರಿಗೆ ಕಾಲ್ ಇದೆ, ಇಳಿಯುತ್ತದೆ ಎನ್ನುವವರಿಗೆ ಪುಟ್ ಇದೆ. ಎಲ್ಲಿಗೂ ಹೋಗುವುದಿಲ್ಲ, ಇದ್ದಲ್ಲೇ ಇರುತ್ತದೆ ಎನ್ನುವವರು ಹೆಚ್ಚಾಗಿ ಹಿಡಿಯುವ ದಾರಿಗಳಲ್ಲಿ ಬಟರ್‌ಫ್ಲೈ ಸ್ಪ್ರೆಡ್ ಒಂದು. ಅದನ್ನು ಏರಿಳಿತ ಕಡಿಮೆಯಾಗುತ್ತದೆ ಎಂಬ ಪಣ ಎಂದಷ್ಟೇ ಹೇಳಿ ಮುಗಿಸುವುದು ರೂಢಿ. ಆದರೆ ಈ ಕಟ್ಟು ನಿಜಕ್ಕೂ ಏನನ್ನು ಅಳೆಯುತ್ತದೆ ಎಂಬುದು ಸ್ಪಷ್ಟವಾಗಲು ಹಲವು ದಶಕಗಳೇ ಬೇಕಾದವು.

ಎಕ್ಸ್‌ಪೈರಿಯ ದಿನದ ತ್ರಿಕೋನ

ಮೊದಲು ಒಂದು ಲೆಕ್ಕ. ನಿಫ್ಟಿ 25,000ದಲ್ಲಿದೆ, ಎಕ್ಸ್‌ಪೈರಿಗೆ ಏಳು ದಿನ ಬಾಕಿ ಇದೆ, ಇಂಪ್ಲೈಡ್ ವೊಲಾಟಿಲಿಟಿ ಶೇ. 12 ಎಂದಿಟ್ಟುಕೊಳ್ಳೋಣ. ಬಡ್ಡಿಯನ್ನು ಬದಿಗಿಟ್ಟು ಲೆಕ್ಕ ಹಾಕಿದರೆ 24,800ರ ಕಾಲ್ ಸುಮಾರು 285 ರೂಪಾಯಿಗೆ, 25,000ದ ಕಾಲ್ 166ಕ್ಕೆ, 25,200ರ ಕಾಲ್ 85ಕ್ಕೆ ಸಿಗುತ್ತವೆ. ಮೊದಲನೆಯದರಲ್ಲಿ ಒಂದು ಲಾಟ್ ಮತ್ತು ಮೂರನೆಯದರಲ್ಲಿ ಒಂದು ಲಾಟ್ ಕೊಂಡು, ನಡುವಿನದರಲ್ಲಿ ಎರಡು ಲಾಟ್ ಮಾರಬೇಕು. ಕೊಟ್ಟದ್ದು 370, ಬಂದದ್ದು 332. ಕೈಯಿಂದ ಹೋದದ್ದು 38 ಪಾಯಿಂಟ್.

ಎಕ್ಸ್‌ಪೈರಿಯಲ್ಲಿ ನಿಫ್ಟಿ 24,800ರ ಕೆಳಗೆ ಮುಗಿದರೆ ಯಾವ ಕಾಲ್‌ಗೂ ಬೆಲೆಯಿಲ್ಲ, ಹೋಗುವುದು ಆ 38 ಪಾಯಿಂಟ್ ಮಾತ್ರ. ಅಲ್ಲಿಂದ ಮೇಲಕ್ಕೆ ಪ್ರತಿ ಪಾಯಿಂಟಿಗೂ ಒಂದು ಪಾಯಿಂಟಿನಂತೆ ಮೌಲ್ಯ ಏರುತ್ತಾ 25,000ದಲ್ಲಿ 200 ಮುಟ್ಟುತ್ತದೆ. ಅಲ್ಲಿಂದ ಮುಂದೆ ಮಾರಿದ ಎರಡು ಕಾಲ್‌ಗಳ ಹೊರೆ ಕೊಂಡ ಒಂದಕ್ಕಿಂತ ಹೆಚ್ಚಾಗುವುದರಿಂದ ಅದೇ ವೇಗದಲ್ಲಿ ಇಳಿದು, 25,200ಕ್ಕೆ ಸೊನ್ನೆಯಾಗುತ್ತದೆ. ಅದರಾಚೆ ಎಷ್ಟೇ ಏರಿದರೂ ಮೇಲಿನ ಕಾಲ್ ನಷ್ಟವನ್ನು ತಡೆದು ನಿಲ್ಲಿಸುತ್ತದೆ. ಹಾಗಾಗಿ ಗರಿಷ್ಠ ಲಾಭ 162, ಗರಿಷ್ಠ ನಷ್ಟ 38, ಲಾಭ ನಷ್ಟಗಳು ಸಮವಾಗುವ ಬಿಂದುಗಳು 24,838 ಮತ್ತು 25,162. ಲಾಟ್ ಗಾತ್ರ 75 ಎಂದು ಹಿಡಿದರೆ 2,850 ರೂಪಾಯಿ ಹಾಕಿ 12,150ರವರೆಗೆ ಗಳಿಸುವ ಅವಕಾಶ.

ಪ್ಯಾರಿಸ್‌ನಿಂದ ಶಿಕಾಗೊಗೆ

ಇಂಥ ಲಾಭನಷ್ಟದ ರೇಖೆಗಳನ್ನು ಗಣಿತದ ಚೌಕಟ್ಟಿಗೆ ತಂದವರಲ್ಲಿ ಲೂಯಿ ಬಶೆಲಿಯೆ ಮುಖ್ಯರು. 1900ರಲ್ಲಿ ಪ್ಯಾರಿಸ್‌ನಲ್ಲಿ ಸಲ್ಲಿಸಿದ ಸಟ್ಟಾ ವ್ಯವಹಾರದ ಕುರಿತ ಪ್ರಬಂಧದಲ್ಲಿ ಅವರು ಆಪ್ಷನ್ ವ್ಯವಹಾರಗಳನ್ನು ರೇಖಾಚಿತ್ರಗಳಲ್ಲಿ ತೋರಿಸಿದರು. ಬೆಲೆ ಕಾಲಕ್ರಮದಲ್ಲಿ ಹೇಗೆ ಹರಡಿಕೊಳ್ಳುತ್ತದೆ ಎಂಬುದಕ್ಕೂ ಒಂದು ಸೂತ್ರ ಕೊಟ್ಟರು. ಮೇಲಿನ ಮೂರು ಬೆಲೆಗಳನ್ನು ಅವರ ಸೂತ್ರದಿಂದಲೇ ಸರಿಸುಮಾರಾಗಿ ತೆಗೆಯಬಹುದು.

ಬಟರ್‌ಫ್ಲೈ ದಿನನಿತ್ಯದ ವ್ಯವಹಾರವಾಗಲು ಸೂತ್ರವೊಂದೇ ಸಾಲದು. ಒಂದೇ ಎಕ್ಸ್‌ಪೈರಿ, ಸಮಾನ ಅಂತರದ ಸ್ಟ್ರೈಕ್‌ಗಳು ಮತ್ತು ಯಾವಾಗ ಬೇಕಾದರೂ ಕೊಂಡು ಮಾರಬಹುದಾದ ಪೇಟೆ ಬೇಕು. ದಲ್ಲಾಳಿಗಳ ಮೂಲಕ ಒಂದೊಂದಾಗಿ ಕುದುರುತ್ತಿದ್ದ ಆಪ್ಷನ್‌ಗಳಲ್ಲಿ ಅದು ಕಷ್ಟವಿತ್ತು. 1973ರ ಏಪ್ರಿಲ್ 26ರಂದು ಶಿಕಾಗೊ ಬೋರ್ಡ್ ಆಪ್ಷನ್ಸ್ ಎಕ್ಸ್‌ಚೇಂಜ್ 16 ಶೇರುಗಳ ಕಾಲ್‌ಗಳೊಂದಿಗೆ ಬಾಗಿಲು ತೆರೆದಾಗ ಆ ಅನುಕೂಲ ಸಿಕ್ಕಿತು. ಅದೇ ವರ್ಷ ಫಿಶರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ ಅವರ ಸೂತ್ರ ಪ್ರಕಟವಾಯಿತು. ಕಾಲ್ ಬೆಲೆಗಳು ಸ್ಟ್ರೈಕ್‌ನ ಮೇಲೆ ಹೇಗೆ ಬಾಗಿರಲೇಬೇಕು ಎಂಬುದನ್ನು ರಾಬರ್ಟ್ ಮರ್ಟನ್ ಸಾಧಿಸಿ ತೋರಿಸಿದರು. ಬಟರ್‌ಫ್ಲೈಯ ಬೆಲೆ ಎಂದೂ ಸೊನ್ನೆಗಿಂತ ಕೆಳಗಿಳಿಯಬಾರದು ಎಂಬುದು ಅದರ ಸರಳ ಅರ್ಥ. ಇಳಿದರೆ, ದುಡ್ಡು ಇಸಿದುಕೊಂಡು ಎಂದೂ ನಷ್ಟವಾಗದ ವಸ್ತುವನ್ನೂ ಪಡೆದಂತಾಗುತ್ತದೆ.

1977ರಲ್ಲಿ ಶಿಕಾಗೊದಲ್ಲಿ ಪುಟ್‌ಗಳೂ ಬಂದವು. ಕಾಲ್ ಮತ್ತು ಪುಟ್ ಬೆಲೆಗಳ ನಡುವಿನ ಕಟ್ಟುನಿಟ್ಟಿನ ಸಂಬಂಧವನ್ನು ಹಾನ್ಸ್ ಸ್ಟೋಲ್ 1969ರಲ್ಲೇ ವಿವರಿಸಿದ್ದರು. ಅದರ ಪ್ರಕಾರ ಇದೇ ತ್ರಿಕೋನವನ್ನು ಇನ್ನೊಂದು ರೀತಿಯಲ್ಲೂ ಕಟ್ಟಬಹುದು. 25,000ದ ಕಾಲ್ ಮತ್ತು ಪುಟ್ ಎರಡನ್ನೂ ಮಾರಿ, ರಕ್ಷಣೆಗೆ 24,800ರ ಪುಟ್ ಮತ್ತು 25,200ರ ಕಾಲ್ ಕೊಳ್ಳುವುದು. ಇದು ಐರನ್ ಬಟರ್‌ಫ್ಲೈ. ಇಲ್ಲಿ 38 ಕೊಡುವ ಬದಲು 162 ಮೊದಲೇ ಕೈಗೆ ಬರುತ್ತದೆ, ಆದರೆ ಲಾಭನಷ್ಟದ ಚಿತ್ರ ಒಂದೇ. ಪ್ರೀಮಿಯಂ ಕೈಗೆ ಬಂತು ಎಂಬ ಕಾರಣಕ್ಕೆ ಇದು ಹೆಚ್ಚು ಲಾಭದ್ದು ಎಂದು ನಂಬುವವರು ಇಂದಿಗೂ ಇದ್ದಾರೆ. ಆ ನಂಬಿಕೆಗೆ ಆಧಾರವಿಲ್ಲ.

ಬೆಲೆಯೊಳಗಿನ ಸಂಭವನೀಯತೆ

ಈ ವಿಷಯದ ಇತಿಹಾಸದಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವ ವರ್ಷ 1978. ಡಗ್ಲಸ್ ಬ್ರೀಡನ್ ಮತ್ತು ರಾಬರ್ಟ್ ಲಿಟ್ಜೆನ್‌ಬರ್ಗರ್ ಆ ವರ್ಷ ಬಟರ್‌ಫ್ಲೈಯನ್ನು ಬೇರೆಯೇ ಕಣ್ಣಿನಿಂದ ನೋಡಿದರು. ಶೇರು ಒಂದು ನಿರ್ದಿಷ್ಟ ಜಾಗದ ಸುತ್ತಮುತ್ತ ನಿಂತರೆ ಮಾತ್ರ ಇದು ದುಡ್ಡು ಕೊಡುತ್ತದೆ. ಹಾಗಿದ್ದ ಮೇಲೆ, ಅಲ್ಲಿ ನಿಲ್ಲುವ ಸಂಭವನೀಯತೆಗೆ ಪೇಟೆ ಕಟ್ಟಿರುವ ಬೆಲೆಯೇ ಬಟರ್‌ಫ್ಲೈಯ ಬೆಲೆ.

ನಮ್ಮ ಲೆಕ್ಕದಲ್ಲೇ ನೋಡಬಹುದು. 38ನ್ನು ಸ್ಟ್ರೈಕ್ ಅಂತರವಾದ 200ರಿಂದ ಭಾಗಿಸಿದರೆ ಶೇ. 19 ಬರುತ್ತದೆ. ನಿಫ್ಟಿ 24,900 ಮತ್ತು 25,100ರ ನಡುವೆ ಮುಗಿಯುವ ಸಾಧ್ಯತೆಯನ್ನು ಪೇಟೆ ಸುಮಾರು ಇಷ್ಟಕ್ಕೆ ತೂಗಿದೆ. ಅಪಾಯ ಹೊರುವವರು ಕೇಳುವ ಪ್ರತಿಫಲವೂ ಈ ಬೆಲೆಯಲ್ಲಿ ಸೇರಿರುತ್ತದೆ. ಆದ್ದರಿಂದ ಇದನ್ನು ಭವಿಷ್ಯವಾಣಿ ಎಂದು ಓದಬಾರದು, ಬೆಲೆ ಎಂದೇ ಓದಬೇಕು.

ವೊಲಾಟಿಲಿಟಿಯ ಪಾತ್ರ ಇಲ್ಲಿ ತಿಳಿಯಾಗುತ್ತದೆ. ದೊಡ್ಡ ಏರಿಳಿತ ಬರುತ್ತದೆ ಎಂದು ಪೇಟೆ ಹೆದರಿದಾಗ ಸಂಭವನೀಯತೆ ಅಗಲಕ್ಕೆ ಹರಡಿಕೊಂಡು ನಡುಭಾಗ ತೆಳ್ಳಗಾಗುತ್ತದೆ. ಇಂಪ್ಲೈಡ್ ವೊಲಾಟಿಲಿಟಿ ಶೇ. 16 ಆದರೆ ಇದೇ ಬಟರ್‌ಫ್ಲೈ ಸುಮಾರು 29 ಪಾಯಿಂಟಿಗೆ ಸಿಗುತ್ತದೆ, ಶೇ. 10ಕ್ಕೆ ಇಳಿದರೆ 45 ಆಗುತ್ತದೆ. ಬಿಡಿ ಕಾಲ್, ಬಿಡಿ ಪುಟ್‌ಗಳು ದುಬಾರಿಯಾದ ಹೊತ್ತಿನಲ್ಲೇ ನಡುವಿನ ಬಟರ್‌ಫ್ಲೈ ಅಗ್ಗ. ಭಯ ವಾಸ್ತವಕ್ಕಿಂತ ಹೆಚ್ಚಾಗಿದೆ ಎಂದು ಅನಿಸಿದ ಟ್ರೇಡರ್ ಆಗ ಇದನ್ನು ಕೊಳ್ಳುತ್ತಾನೆ.

ಹಾಗೆ ಅನಿಸಲು ಕಾರಣವೂ ಇದೆ. ಜೋಷುವಾ ಕೋವಲ್ ಮತ್ತು ಟೈಲರ್ ಶಮ್‌ವೇ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾರುಕಟ್ಟೆಯ ದಿಕ್ಕಿನ ಪ್ರಭಾವ ಉಳಿಯದಂತೆ ಹೊಂದಿಸಿದ ಸ್ಟ್ರ್ಯಾಡಲ್‌ಗಳನ್ನು ಕೊಂಡವರು ವಾರಕ್ಕೆ ಸರಾಸರಿ ಶೇ. 3ರಷ್ಟು ಕಳೆದುಕೊಳ್ಳುತ್ತಿದ್ದರು. ಸೂಚ್ಯಂಕದ ಆಪ್ಷನ್‌ಗಳಲ್ಲಿ ಏರಿಳಿತದ ವಿರುದ್ಧ ವಿಮೆಗೆ ಜನ ಹೆಚ್ಚು ಬೆಲೆ ತೆರುತ್ತಾರೆ ಎಂಬುದನ್ನು ಅದು ತೋರಿಸಿತು.

ಹಾಗಾದರೆ ಸ್ಟ್ರ್ಯಾಡಲನ್ನೇ ಮಾರಿಬಿಡಬಾರದೇಕೆ? 2024ರ ಜೂನ್ 4 ಅದಕ್ಕೆ ಉತ್ತರ. ಲೋಕಸಭಾ ಚುನಾವಣೆಯ ಫಲಿತಾಂಶದ ಆ ದಿನ ನಿಫ್ಟಿ 1,379 ಪಾಯಿಂಟ್ ಕುಸಿಯಿತು. ರಕ್ಷಣೆಯಿಲ್ಲದೆ ಸ್ಟ್ರ್ಯಾಡಲ್ ಮಾರಿದ್ದವನ ನಷ್ಟ ಸೂಚ್ಯಂಕ ಕುಸಿದಷ್ಟೂ ಬೆಳೆಯುತ್ತಲೇ ಹೋಗುವಂಥದ್ದು. ಬಟರ್‌ಫ್ಲೈ ಕೊಂಡವನ ನಷ್ಟ ಕೊಟ್ಟ ಪ್ರೀಮಿಯಂಗೆ ನಿಲ್ಲುತ್ತದೆ. ಎರಡು ರೆಕ್ಕೆಗಳಿಗೆ ತೆರುವ ಬೆಲೆ ಇದಕ್ಕಾಗಿ.

ನಿಫ್ಟಿಯಲ್ಲಿ

ಭಾರತದಲ್ಲಿ ಎನ್‌ಎಸ್‌ಇ 2001ರ ಜೂನ್‌ನಲ್ಲಿ ನಿಫ್ಟಿ ಆಪ್ಷನ್ ಆರಂಭಿಸಿತು. ಇವು ಎಕ್ಸ್‌ಪೈರಿಯ ದಿನ ಮಾತ್ರ ಚಲಾಯಿಸಬಹುದಾದ, ನಗದಿನಲ್ಲಿ ತೀರುವಳಿಯಾಗುವ ಆಪ್ಷನ್‌ಗಳು. ಮಾರಿದ ಕಾಲನ್ನು ಕೊಂಡವನು ನಡುವೆಯೇ ಚಲಾಯಿಸಿ ಕಟ್ಟನ್ನು ಮುರಿಯುವ ಭಯವಿಲ್ಲ, ಹಾಗಾಗಿ ಬಟರ್‌ಫ್ಲೈಗೆ ಇವು ಒಗ್ಗುತ್ತವೆ. 2019ರ ಫೆಬ್ರವರಿಯಲ್ಲಿ ನಿಫ್ಟಿಗೆ ವಾರದ ಎಕ್ಸ್‌ಪೈರಿ ಬಂತು. 2020ರ ಜೂನ್‌ನಿಂದ ಜಾರಿಯಾದ ಮಾರ್ಜಿನ್ ವ್ಯವಸ್ಥೆಯಲ್ಲಿ ರಕ್ಷಣೆಯಿರುವ ಕಟ್ಟುಗಳಿಗೆ ಬೇಕಾದ ಹಣ ಗಣನೀಯವಾಗಿ ಇಳಿಯಿತು. ದೊಡ್ಡ ಸಂಸ್ಥೆಗಳ ಕೈಯಲ್ಲಿದ್ದ ಈ ಕಟ್ಟು ಸಣ್ಣ ಟ್ರೇಡರುಗಳ ಮೊಬೈಲಿಗೂ ಬಂದದ್ದು ಹೀಗೆ.

ಆದರೆ ಎಕ್ಸ್‌ಪೈರಿಯ ಆ ಚೂಪು ತ್ರಿಕೋನ ಅದಕ್ಕೆ ಮುಂಚೆ ಎಲ್ಲಿಯೂ ಇರುವುದಿಲ್ಲ. ನಿಫ್ಟಿ 25,000ದಲ್ಲೇ ಅಲುಗಾಡದೆ ನಿಂತಿದ್ದರೂ ಮೂರು ದಿನ ಬಾಕಿಯಿರುವಾಗ ನಮ್ಮ ಬಟರ್‌ಫ್ಲೈ ಸುಮಾರು 56 ಪಾಯಿಂಟ್, ಒಂದು ದಿನ ಬಾಕಿಯಿರುವಾಗ 90 ಪಾಯಿಂಟ್ ಮಾತ್ರ. ಉಳಿದ 110 ಪಾಯಿಂಟ್ ಕೊನೆಯ ದಿನದ್ದು. ಅಂದೇ ಸೂಚ್ಯಂಕ ನೂರು ಪಾಯಿಂಟ್ ಸರಿದರೆ ಗರಿಷ್ಠ ಮೌಲ್ಯದ ಅರ್ಧ ಹೋಗುತ್ತದೆ. ನಿಫ್ಟಿಯ ಮುಕ್ತಾಯದ ಮಟ್ಟ ಕೊನೆಯ ಅರ್ಧ ಗಂಟೆಯ ವಹಿವಾಟಿನ ಸರಾಸರಿಯಿಂದ ನಿರ್ಧಾರವಾಗುತ್ತದೆ ಎಂಬುದನ್ನೂ ಮರೆಯಬಾರದು. ಪರದೆಯ ಮೇಲಿನ ಕೊನೆಯ ಅಂಕಿ ತೀರುವಳಿಯ ಅಂಕಿಯೇ ಆಗಿರಬೇಕೆಂದಿಲ್ಲ.

ಇನ್ನೊಂದು ಎಡವಟ್ಟು ಹೊರಬರುವಾಗ ಆಗುತ್ತದೆ. ಕೊಂಡ ಕಾಲನ್ನು ಮೊದಲು ಮಾರಿದರೆ ರಕ್ಷಣೆ ಹೋಗಿ, ಆ ಗಳಿಗೆಯಲ್ಲೇ ಮಾರ್ಜಿನ್ ಏರುತ್ತದೆ. ಮಾರಿದ ಎರಡು ಕಾಲ್‌ಗಳನ್ನು ಮೊದಲು ವಾಪಸು ಕೊಂಡು, ಆಮೇಲೆ ರೆಕ್ಕೆಗಳನ್ನು ಬಿಡಿಸುವುದು ಸರಿಯಾದ ಕ್ರಮ. 2024ರ ಅಕ್ಟೋಬರ್‌ನ ಸೆಬಿ ಸುತ್ತೋಲೆಯು ಎಕ್ಸ್‌ಪೈರಿ ದಿನ ಮಾರಿದ ಆಪ್ಷನ್‌ಗಳ ಮೇಲೆ ಶೇ. 2ರ ಹೆಚ್ಚುವರಿ ಮಾರ್ಜಿನ್ ವಿಧಿಸಿತು, ಪ್ರತಿ ಎಕ್ಸ್‌ಚೇಂಜಿಗೆ ಒಂದೇ ಸೂಚ್ಯಂಕದ ವಾರದ ಎಕ್ಸ್‌ಪೈರಿ ಉಳಿಸಿತು. ಕೊನೆಯ ದಿನದವರೆಗೆ ಕಾಯುವವರು ಆ ಹೆಚ್ಚುವರಿ ಮಾರ್ಜಿನ್‌ಗೆ ಹಣ ಎತ್ತಿಡಬೇಕು.

ಸರಿಯಾಗಿದ್ದರೂ ಸೋಲು

ಈಗ ಟ್ರೇಡರನ ಊಹೆ ಸರಿ ಎಂದೇ ಇಟ್ಟುಕೊಳ್ಳೋಣ. ಪೇಟೆ ಶೇ. 12 ಎಂದಿತ್ತು, ನಿಜವಾದ ಏರಿಳಿತ ಶೇ. 9 ಮಾತ್ರ. ಆಗ ಈ ಬಟರ್‌ಫ್ಲೈಯ ನ್ಯಾಯವಾದ ಬೆಲೆ ಸುಮಾರು 50 ಪಾಯಿಂಟ್. 38 ಕೊಟ್ಟವನಿಗೆ ಸರಾಸರಿ 12 ಪಾಯಿಂಟ್ ಅನುಕೂಲ, ಲಾಟಿಗೆ 900 ರೂಪಾಯಿ. ಆದರೆ 24,838 ಮತ್ತು 25,162ರ ನಡುವೆ ಮುಗಿಯುವ ಸಾಧ್ಯತೆ ಆಗಲೂ ಶೇ. 40ರಷ್ಟೇ. ವೊಲಾಟಿಲಿಟಿಯ ಬಗ್ಗೆ ಊಹೆ ಪೂರ್ತಿ ಸರಿಯಾದವನೂ ಹತ್ತರಲ್ಲಿ ಆರು ಬಾರಿ ನಷ್ಟ ಕಾಣುತ್ತಾನೆ. ಮಾರುಕಟ್ಟೆ ಒಂದೇ ದಿಕ್ಕಿಗೆ ಮೆಲ್ಲಗೆ, ದಿನಕ್ಕೆ ಅರವತ್ತು ಪಾಯಿಂಟ್ ಸರಿಯುತ್ತಾ ಹೋದರೂ ಏರಿಳಿತ ಕಡಿಮೆಯೇ. ಬಟರ್‌ಫ್ಲೈ ಮಾತ್ರ ವಾರದ ಕೊನೆಗೆ ಸೊನ್ನೆಯಾಗಿರಬಹುದು. ಶಾಂತಿಯಷ್ಟೇ ಸಾಲದು, ಜಾಗವೂ ಸರಿಯಾಗಿರಬೇಕು.

ಆ 12 ಪಾಯಿಂಟ್‌ನಲ್ಲಿಯೇ ಖರ್ಚೂ ಕಳೆಯಬೇಕು. ಪ್ರತಿ ಲಾಟಿನ ಕೊಳ್ಳುವ ಮತ್ತು ಮಾರುವ ಬೆಲೆಗಳ ಅಂತರದಲ್ಲಿ ಒಂದು ಪಾಯಿಂಟ್ ಸೋರಿದರೆ ಒಳಬರುವಾಗ ನಾಲ್ಕು, ಹೊರಹೋಗುವಾಗ ನಾಲ್ಕು, ಒಟ್ಟು ಎಂಟು ಹೋಯಿತು. ಮೇಲೆ ಆರು ಆರ್ಡರುಗಳ ದಲ್ಲಾಳಿ ಶುಲ್ಕ ಮತ್ತು ತೆರಿಗೆ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ತೊಡಗಿದ ವೈಯಕ್ತಿಕ ಟ್ರೇಡರುಗಳಲ್ಲಿ ಶೇ. 93ರಷ್ಟು ಜನ ನಷ್ಟ ಕಂಡರು ಎಂದು ಸೆಬಿ ಅಧ್ಯಯನ ಹೇಳಿತು. ಬಟರ್‌ಫ್ಲೈ ನಷ್ಟದ ಗಾತ್ರಕ್ಕೆ ಮಿತಿ ಹಾಕುತ್ತದೆ, ನಷ್ಟದ ಸಂಖ್ಯೆಗೆ ಅಲ್ಲ.

ಹಾಗಾಗಿ ಕೊಳ್ಳುವ ಮುನ್ನ ಬ್ರೀಡನ್ ಮತ್ತು ಲಿಟ್ಜೆನ್‌ಬರ್ಗರ್ ಕಲಿಸಿದ ಭಾಗಾಕಾರವನ್ನು ಮಾಡಿ ನೋಡುವುದು ಒಳ್ಳೆಯದು. ಬೆಲೆಯನ್ನು ಸ್ಟ್ರೈಕ್ ಅಂತರದಿಂದ ಭಾಗಿಸಿದಾಗ ಬರುವ ಸಂಭವನೀಯತೆಗಿಂತ ತನ್ನ ಅಂದಾಜು ಹೆಚ್ಚಿದೆಯೇ, ಆ ಹೆಚ್ಚಳವನ್ನು ಸ್ಟ್ರೈಕ್ ಅಂತರದಿಂದ ಗುಣಿಸಿದರೆ ಎಂಟು ಹತ್ತು ಪಾಯಿಂಟ್ ಖರ್ಚನ್ನು ದಾಟುತ್ತದೆಯೇ ಎಂದು ಲೆಕ್ಕ ಹಾಕಬೇಕು. ದಾಟದಿದ್ದರೆ ಮಾರುಕಟ್ಟೆ ಎಷ್ಟೇ ಶಾಂತವಾಗಿ ಕಂಡರೂ ಆ ವಾರ ಕೊಳ್ಳದಿರುವುದೇ ಸರಿ.