ಎಡಿಟ್ ಮುಗಿದ ವಿಡಿಯೋ ಅಪ್‌ಲೋಡ್ ಮಾಡುವ ಮುನ್ನ ಏನೇನು ಪರೀಕ್ಷಿಸಬೇಕು? ಇಲ್ಲಿದೆ ಪಟ್ಟಿ

ಯೂಟ್ಯೂಬ್‌ನಲ್ಲಿ ಒಮ್ಮೆ ಪ್ರಕಟವಾದ ವಿಡಿಯೋವನ್ನು ತೆಗೆದು, ಅದೇ ಲಿಂಕ್‌ನಲ್ಲಿ ತಿದ್ದಿದ ಫೈಲನ್ನು ಕೂರಿಸಲು ಸಾಧ್ಯವಿಲ್ಲ. ಬೇಡದ ಭಾಗವನ್ನು ಕತ್ತರಿಸಬಹುದು, ಮುಖವನ್ನು ಮಸುಕು ಮಾಡಬಹುದು. ಆದರೆ ತಪ್ಪಾಗಿ ಬರೆದ ಹೆಸರನ್ನು ಸರಿಪಡಿಸಲು ಅಥವಾ ಕೇಳದ ಮಾತನ್ನು ಕೇಳಿಸಲು ಆಗುವುದಿಲ್ಲ. ಹಾಗೆ ಮಾಡಬೇಕೆಂದರೆ ಹಳೆಯದನ್ನು ಅಳಿಸಿ ಹೊಸದಾಗಿ ಹಾಕಬೇಕು. ಆಗ ಅಷ್ಟರವರೆಗಿನ ವೀಕ್ಷಣೆ, ಕಾಮೆಂಟ್‌ಗಳು ಹೋಗುತ್ತವೆ, ವಾಟ್ಸಾಪ್ ಗುಂಪುಗಳಲ್ಲಿ ಹಂಚಿದ ಲಿಂಕ್‌ಗಳೂ ಕೆಲಸ ಮಾಡುವುದಿಲ್ಲ.

ಆದ್ದರಿಂದ ಪರೀಕ್ಷೆ ಪ್ರಕಟಣೆಗೆ ಮುಂಚೆಯೇ ಆಗಬೇಕು. ಇದಕ್ಕೆ ಮುಖ್ಯ ನಿಯಮ ಎರಡು. ಮೊದಲನೆಯದು, ಎಡಿಟಿಂಗ್ ಸಾಫ್ಟ್‌ವೇರ್‌ನ ಟೈಮ್‌ಲೈನ್ ನೋಡಿ ತೃಪ್ತರಾಗದೆ, ಎಕ್ಸ್‌ಪೋರ್ಟ್ ಆದ ಫೈಲನ್ನೇ ನೋಡಬೇಕು. ಎರಡನೆಯದು, ಎಲ್ಲವನ್ನೂ ಒಂದೇ ಸಲ ನೋಡಲು ಹೋಗಬಾರದು. ಕಣ್ಣು ದೃಶ್ಯದ ಹಿಂದೆ ಹೋದಾಗ ಕಿವಿ ತಪ್ಪುಗಳನ್ನು ಬಿಟ್ಟುಬಿಡುತ್ತದೆ. ಧ್ವನಿ, ಅಕ್ಷರ, ಫ್ರೇಮ್, ಪ್ಲೇಬ್ಯಾಕ್ ಹೀಗೆ ನಾಲ್ಕು ಸುತ್ತು ಬೇರೆ ಬೇರೆಯಾಗಿ ನಡೆಯಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪುಣೆಯ ಒಂದು ಕನ್ನಡ ಸಂಘದ ರಾಜ್ಯೋತ್ಸವ ಕಾರ್ಯಕ್ರಮದ ವಿಡಿಯೋ. ಅವಧಿ 12 ನಿಮಿಷ 40 ಸೆಕೆಂಡ್. ಎಂಟೂವರೆ ನಿಮಿಷದಷ್ಟು ಭಾಷಣ ಮತ್ತು ಸನ್ಮಾನ, ಉಳಿದದ್ದು ಡೊಳ್ಳು ಕುಣಿತ. ಫೈಲಿನ ಹೆಸರು `final.mp4`. ನಾಲ್ಕೂ ಸುತ್ತುಗಳಿಗೆ ಸುಮಾರು ಒಂದು ಗಂಟೆ ಬೇಕಾಗುತ್ತದೆ.

ಮೊದಲ ಸುತ್ತು: ಧ್ವನಿ

ಈ ಸುತ್ತಿನಲ್ಲಿ ಪರದೆ ನೋಡಬೇಡಿ. ಹೆಡ್‌ಫೋನ್ ಹಾಕಿಕೊಂಡು ಇಡೀ ವಿಡಿಯೋ ಬರೀ ಕೇಳಿ. ಮಾತು ಒಂದೇ ಕಿವಿಗೆ ಬರುತ್ತಿದೆಯೇ ಎಂಬುದು ಮೊದಲ ಪ್ರಶ್ನೆ. ಕಾಲರ್ ಮೈಕ್‌ನ ಧ್ವನಿ ಎಡ ಚಾನೆಲ್‌ನಲ್ಲಿ ಮಾತ್ರ ದಾಖಲಾಗಿದ್ದರೆ ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಅದು ಸುಲಭವಾಗಿ ಗೊತ್ತಾಗುವುದಿಲ್ಲ, ಹೆಡ್‌ಫೋನ್‌ನಲ್ಲಿ ತಕ್ಷಣ ತಿಳಿಯುತ್ತದೆ.

ಇದಕ್ಕಿಂತ ಮೋಸದ ತೊಂದರೆ ಇನ್ನೊಂದಿದೆ. ಎಡ ಮತ್ತು ಬಲ ಚಾನೆಲ್‌ಗಳ ಅಲೆಗಳು ಒಂದಕ್ಕೊಂದು ವಿರುದ್ಧವಾಗಿದ್ದರೆ ಹೆಡ್‌ಫೋನ್‌ನಲ್ಲಿ ಮಾತು ಕೇಳಿಸುತ್ತದೆ. ಆದರೆ ಒಂದೇ ಸ್ಪೀಕರ್ ಇರುವ ಫೋನ್‌ನಲ್ಲಿ ಎರಡೂ ಸೇರಿ ಪರಸ್ಪರ ಅಳಿಸಿಕೊಂಡು, ಹಿನ್ನೆಲೆ ಸಂಗೀತ ಉಳಿದು ಭಾಷಣ ಮಾತ್ರ ಮಾಯವಾಗುತ್ತದೆ. ಫೋನ್‌ನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಮೋನೋ ಆಡಿಯೋ ಆನ್ ಮಾಡಿ ಒಂದು ನಿಮಿಷ ಕೇಳಿದರೆ ಇದು ಬಯಲಾಗುತ್ತದೆ. ಮಾತು ಕ್ಷೀಣಿಸಿದರೆ ಎಡಿಟ್‌ಗೆ ಮರಳಿ ಒಂದು ಚಾನೆಲ್ಲನ್ನು ತೆಗೆದು, ಇನ್ನೊಂದನ್ನೇ ಎರಡೂ ಕಡೆಗೆ ಹಾಕಬೇಕು.

ಮುಂದಿನದು ಧ್ವನಿಯ ಮಟ್ಟ. ಇದನ್ನು ಅಳೆಯುವ ಮಾನದ ಹೆಸರು ಎಲ್‌ಯುಎಫ್‌ಎಸ್. ಯೂಟ್ಯೂಬ್‌ನಲ್ಲಿ ಸುಮಾರು -14 ಎಲ್‌ಯುಎಫ್‌ಎಸ್‌ಗಿಂತ ಜೋರಾಗಿರುವ ವಿಡಿಯೋದ ಧ್ವನಿ ತಾನಾಗಿ ತಗ್ಗುತ್ತದೆ, ಸಣ್ಣದಾಗಿರುವುದು ಮಾತ್ರ ಹಾಗೆಯೇ ಉಳಿಯುತ್ತದೆ. ಉಚಿತವಾಗಿ ಸಿಗುವ ಎಫ್‌ಎಫ್‌ಎಂಪೆಗ್ ಕಂಪ್ಯೂಟರ್‌ನಲ್ಲಿದ್ದರೆ ಈ ಆದೇಶ ಸಾಕು:

```
ffmpeg -i final.mp4 -vn -af ebur128=peak=true -f null -
```

ಕೊನೆಯಲ್ಲಿ ಬರುವ ಸಾರಾಂಶದಲ್ಲಿ `I:` ಎಂಬುದು ಇಡೀ ವಿಡಿಯೋದ ಮಟ್ಟ, `Peak:` ಎಂಬುದು ಅತಿ ಎತ್ತರದ ಬಿಂದು. ಪೀಕ್ -1ಕ್ಕಿಂತ ಮೇಲೇರದಿದ್ದರೆ ಒಡಕು ಬರುವ ಭಯ ಕಡಿಮೆ.

ನಮ್ಮ ಉದಾಹರಣೆಯಲ್ಲಿ ಒಟ್ಟು ಮಟ್ಟ -15 ಬಂತು ಎನ್ನೋಣ. ಎಲ್ಲ ಸರಿಯಿದೆ ಎಂದು ಅನ್ನಿಸುತ್ತದೆ. ಆದರೆ ಇಲ್ಲಿ ಸರಾಸರಿಯನ್ನು ಮೇಲೆತ್ತಿರುವುದು ಡೊಳ್ಳು. ಎರಡನೇ ನಿಮಿಷದಿಂದ ಒಂದು ನಿಮಿಷದ ಭಾಷಣವನ್ನು ಮಾತ್ರ ಅಳೆದು ನೋಡಿ:

```
ffmpeg -ss 120 -t 60 -i final.mp4 -vn -af ebur128=peak=true -f null -
```

ಈಗ -24 ಬರುತ್ತದೆ. ಡೊಳ್ಳಿನ ಭಾಗ ಹೀಗೇ ಅಳೆದರೆ -11. ಅಂದರೆ ಭಾಷಣ ಕೇಳಲು ಫೋನ್‌ನ ಧ್ವನಿ ಏರಿಸಿದವರಿಗೆ ಡೊಳ್ಳು ಶುರುವಾದಾಗ ಕಿವಿಗೆ ಬಡಿದಂತಾಗುತ್ತದೆ. ಇಡೀ ವಿಡಿಯೋದ ಧ್ವನಿ ಏರಿಸಿದರೆ ಇದು ಸರಿಹೋಗದು. ಭಾಷಣವನ್ನು 8 ಡೆಸಿಬಲ್‌ನಷ್ಟು ಏರಿಸಿ, ಡೊಳ್ಳನ್ನು 2 ಡೆಸಿಬಲ್ ಇಳಿಸಿದರೆ ಅಂತರ 13ರಿಂದ 3ಕ್ಕೆ ಬರುತ್ತದೆ. ಭಾಷಣ ಏರಿಸಿದಾಗ ನಡುವಿನ ಚಪ್ಪಾಳೆಯೂ ಏರುವುದರಿಂದ ಅಲ್ಲಿ ಲಿಮಿಟರ್ ಬೇಕು.

ಧ್ವನಿ ಸುತ್ತಿನ ಕೊನೆಗೆ ಪರದೆ ನೋಡಿ ತುಟಿ ಮತ್ತು ಮಾತಿನ ಹೊಂದಾಣಿಕೆ ಗಮನಿಸಿ. ಆರಂಭ, ಮಧ್ಯ, ಕೊನೆ ಮೂರೂ ಕಡೆ ನೋಡಬೇಕು. ಡೊಳ್ಳಿಗೆ ಕೋಲು ತಾಗುವ ಕ್ಷಣ ಇದಕ್ಕೆ ಹೇಳಿ ಮಾಡಿಸಿದಂತಿದೆ. ಎಲ್ಲ ಕಡೆ ಒಂದೇ ಅಂತರ ಇದ್ದರೆ ಧ್ವನಿಯನ್ನು ಅಷ್ಟು ಸರಿಸಿದರೆ ಮುಗಿಯಿತು. ಹೋಗುತ್ತಾ ಹೋಗುತ್ತಾ ಅಂತರ ಬೆಳೆದರೆ ಕಾರಣ ಬೇರೆ. ಫೋನ್ ಕ್ಯಾಮೆರಾಗಳಲ್ಲಿ ಸೆಕೆಂಡಿಗೆ ದಾಖಲಾಗುವ ಫ್ರೇಮ್‌ಗಳ ಸಂಖ್ಯೆ ಏರಿಳಿಯುತ್ತಿರುತ್ತದೆ, ಅಂಥ ಮೂಲ ಫೈಲನ್ನು ಹ್ಯಾಂಡ್‌ಬ್ರೇಕ್‌ನಂಥ ಸಾಫ್ಟ್‌ವೇರ್‌ನಲ್ಲಿ `Constant Framerate` ಆಯ್ದು ಬದಲಿಸಿದ ನಂತರ ಎಡಿಟ್‌ಗೆ ತರಬೇಕು. ಈ ಪರೀಕ್ಷೆಗೆ ಬ್ಲೂಟೂತ್ ಇಯರ್‌ಫೋನ್ ಬೇಡ. ಅದು ತಾನೇ ಸ್ವಲ್ಪ ತಡಮಾಡುವುದರಿಂದ ಇಲ್ಲದ ತಪ್ಪು ಕಾಣಿಸಬಹುದು.

ಎರಡನೇ ಸುತ್ತು: ಪರದೆಯ ಅಕ್ಷರ

ಈಗ ಧ್ವನಿ ಬಂದ್ ಮಾಡಿ. ಅಕ್ಷರ ಬಂದ ಕಡೆಯೆಲ್ಲ ವಿಡಿಯೋ ನಿಲ್ಲಿಸಿ ಓದಿ. ಹೆಸರು, ಹುದ್ದೆ, ದಿನಾಂಕಗಳನ್ನು ನೆನಪಿನಿಂದ ಪರಿಶೀಲಿಸದೆ ಆಮಂತ್ರಣ ಪತ್ರಿಕೆಯನ್ನು ಪಕ್ಕದಲ್ಲಿಟ್ಟು ತಾಳೆ ನೋಡಿ. ಅಕ್ಷರ ಕೂರಿಸಿದವರೇ ಓದಿದರೆ ಅವರು ಬರೆದದ್ದಲ್ಲ, ಬರೆದಿದ್ದೇನೆ ಅಂದುಕೊಂಡದ್ದೇ ಕಾಣುತ್ತದೆ. ಆದ್ದರಿಂದ ಈ ಸುತ್ತನ್ನು ಬೇರೆಯವರಿಗೆ ಒಪ್ಪಿಸುವುದು ಒಳ್ಳೆಯದು.

ಕನ್ನಡಕ್ಕೆ ವಿಶೇಷವಾಗಿ ಒತ್ತಕ್ಷರದ ಪರೀಕ್ಷೆ ಇದೆ. ‘ರಾಜ್ಯೋತ್ಸವ’ ಎಂಬುದು ‘ರಾಜ್‌ಯೋತ್‌ಸವ’ ಎಂದೂ, ‘ಅಧ್ಯಕ್ಷ’ ಎಂಬುದು ‘ಅಧ್‌ಯಕ್‌ಷ’ ಎಂದೂ ಒಡೆದು ಕಂಡರೆ ಕಾಗುಣಿತ ತಪ್ಪಿಲ್ಲ, ಸಾಫ್ಟ್‌ವೇರ್ ಅಕ್ಷರ ಜೋಡಿಸುತ್ತಿಲ್ಲ ಎಂದರ್ಥ. ಅಡೋಬ್ ಪ್ರೀಮಿಯರ್‌ನಲ್ಲಾದರೆ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ `South Asian and Middle Eastern` ಆಯ್ಕೆ ಮಾಡಬೇಕು. ಅಕ್ಷರಗಳು ಒಂದೊಂದಾಗಿ ಮೂಡುವ ಅನಿಮೇಷನ್‌ನಲ್ಲೂ ಒತ್ತಕ್ಷರ ಒಡೆಯಬಹುದು, ಆಗ ಪದ ಪದವಾಗಿ ಮೂಡುವಂತೆ ಬದಲಿಸಿ. ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಶೀರ್ಷಿಕೆ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ. ಯೂನಿಕೋಡ್‌ಗೆ ಬದಲಿಸುವುದೇ ಇದಕ್ಕೆ ಪರಿಹಾರ.

ಅಕ್ಷರ ಪರದೆಯಲ್ಲಿ ಎಷ್ಟು ಹೊತ್ತು ಇರಬೇಕು? ಮೊದಲ ಸಲ ನೋಡುವವರು ನಿಧಾನವಾಗಿ ಎರಡು ಬಾರಿ ಓದುವಷ್ಟು. ಶಾರ್ಟ್ಸ್‌ಗೆ ಲಂಬ ವಿಡಿಯೋ ಮಾಡುವುದಾದರೆ ಕೆಳಭಾಗ ಮತ್ತು ಬಲ ಅಂಚನ್ನು ಖಾಲಿ ಬಿಡಿ. ಅಲ್ಲಿ ಚಾನೆಲ್ ಹೆಸರು, ಲೈಕ್ ಗುಂಡಿಗಳು ಬಂದು ಕೂರುತ್ತವೆ.

ಮೂರನೇ ಸುತ್ತು: ಫ್ರೇಮ್

ಎರಡು ಕಟ್‌ಗಳ ನಡುವೆ ಒಂದೇ ಒಂದು ಫ್ರೇಮ್ ಖಾಲಿ ಉಳಿದರೂ ಪರದೆ ಕಪ್ಪಾಗಿ ಮಿಂಚುತ್ತದೆ. ಸೆಕೆಂಡಿಗೆ 25 ಫ್ರೇಮ್‌ಗಳ ವಿಡಿಯೋದಲ್ಲಿ ಇದು ಸೆಕೆಂಡಿನ 25ನೇ ಒಂದು ಭಾಗ. ಎಡಿಟ್ ಮಾಡಿ ದಣಿದ ಕಣ್ಣಿಗೆ ಕಾಣದು. ಹುಡುಕಲು ಈ ಆದೇಶ ಕೊಡಿ:

```
ffmpeg -i final.mp4 -an -vf blackdetect=d=0.03 -f null -
```

ಫಲಿತಾಂಶದಲ್ಲಿ `black_start` ಎದುರು ಕಾಣುವ ಸಂಖ್ಯೆ ಕಪ್ಪು ಶುರುವಾದ ಸೆಕೆಂಡ್. ನಮ್ಮ ಉದಾಹರಣೆಯಲ್ಲಿ ಎರಡು ಸಾಲು ಬಂದವು ಎಂದುಕೊಳ್ಳಿ. ಒಂದು 312.4ರಲ್ಲಿ, ಅವಧಿ 0.04. ಅಂದರೆ 5 ನಿಮಿಷ 12ನೇ ಸೆಕೆಂಡಿನಲ್ಲಿ ಒಂದು ಫ್ರೇಮ್ ಖಾಲಿ. ಇನ್ನೊಂದು 760ರಲ್ಲಿ, ಅವಧಿ 45 ಸೆಕೆಂಡ್. 760 ಸೆಕೆಂಡ್ ಎಂದರೆ 12 ನಿಮಿಷ 40 ಸೆಕೆಂಡ್, ಕಾರ್ಯಕ್ರಮ ಮುಗಿಯುವ ಜಾಗ. ಟೈಮ್‌ಲೈನ್‌ನ ತುದಿಯಲ್ಲಿ ಮರೆತು ಉಳಿದ ಧ್ವನಿಯ ತುಣುಕೊಂದರಿಂದ ಫೈಲ್ 13 ನಿಮಿಷ 25 ಸೆಕೆಂಡ್‌ಗೆ ಬೆಳೆದಿದೆ. ಹಾಗೇ ಹಾಕಿದ್ದರೆ ಕೊನೆಗೆ ತೋರಿಸುವ ಎಂಡ್ ಸ್ಕ್ರೀನ್ ಕಪ್ಪು ಪರದೆಯ ಮೇಲೆ ಬರುತ್ತಿತ್ತು, ಅಷ್ಟರಲ್ಲಿ ವೀಕ್ಷಕರು ಹೊರಟಿರುತ್ತಿದ್ದರು.

ಈ ಆದೇಶಕ್ಕೂ ಮಿತಿ ಇದೆ. ಬೇಕೆಂದೇ ಮಾಡಿದ ಕಪ್ಪು ಮರೆಯಾಟವೂ ಪಟ್ಟಿಯಲ್ಲಿ ಬರುತ್ತದೆ. ಕತ್ತರಿಸಿದ ದೃಶ್ಯದ ಒಂದು ಫ್ರೇಮ್ ಕಪ್ಪಾಗದೆ ಚಿತ್ರವಾಗಿಯೇ ಉಳಿದಿದ್ದರೆ ಅದು ಸಿಗುವುದಿಲ್ಲ. ಅದಕ್ಕೆ ಪ್ರತಿ ಕಟ್‌ನ ಬಳಿ ಬಾಣದ ಕೀಲಿ ಒತ್ತಿ ಒಂದೊಂದೇ ಫ್ರೇಮ್ ಸರಿಸಿ ನೋಡುವುದೇ ದಾರಿ. ಟ್ಯೂಬ್‌ಲೈಟ್‌ನಿಂದ ದೃಶ್ಯ ಮಿಣುಕುತ್ತಿದ್ದರೆ ಎಡಿಟ್‌ನಲ್ಲಿ ಪೂರ್ತಿ ಹೋಗಲಾಡಿಸುವುದು ಕಷ್ಟ. ಭಾರತದ ವಿದ್ಯುತ್ 50 ಹರ್ಟ್ಸ್ ಆಗಿರುವುದರಿಂದ ಮುಂದಿನ ಸಲ ಚಿತ್ರೀಕರಣದಲ್ಲಿ ಶಟರ್ ವೇಗವನ್ನು 1/50 ಅಥವಾ 1/100 ಇಡಬೇಕು.

ನಾಲ್ಕನೇ ಸುತ್ತು: ಪ್ಲೇಬ್ಯಾಕ್

ತಿದ್ದುಪಡಿ ಮುಗಿಸಿ ಮತ್ತೆ ಎಕ್ಸ್‌ಪೋರ್ಟ್ ಮಾಡಿದ ಫೈಲನ್ನು ಯೂಟ್ಯೂಬ್‌ಗೆ `Unlisted` ಆಗಿ ಹಾಕಿ. ಆಗ ಲಿಂಕ್ ಇದ್ದವರು ಮಾತ್ರ ನೋಡಬಹುದು. ಮೊದಲು ಕಡಿಮೆ ಗುಣಮಟ್ಟದ ಪ್ರತಿ ಸಿದ್ಧವಾಗಿ, ಎಚ್‌ಡಿ ಪ್ರತಿ ತಡವಾಗಿ ಬರುವುದರಿಂದ ಮಸುಕಾಗಿ ಕಂಡ ಕೂಡಲೇ ಗಾಬರಿ ಬೇಡ. ಎಚ್‌ಡಿ ಸಿದ್ಧವಾದ ಮೇಲೆ ಸಾಧಾರಣ ಫೋನ್‌ನಲ್ಲಿ, ಇಯರ್‌ಫೋನ್ ಇಲ್ಲದೆ, ಆರಂಭದಿಂದ ಕೊನೆಯವರೆಗೆ ನೋಡಿ. ನಂತರ 360ಪಿ ಗುಣಮಟ್ಟಕ್ಕೆ ಇಳಿಸಿ, ಹೆಸರುಗಳು ಓದಲು ಬರುತ್ತವೆಯೇ ನೋಡಿ. ಫೋನ್‌ನಲ್ಲಿ ಎಚ್‌ಡಿಆರ್ ಆಗಿ ಚಿತ್ರೀಕರಿಸಿದ ದೃಶ್ಯಗಳು ಮಾತ್ರ ಬಿಳಿಚಿಕೊಂಡಂತೆ ಕಂಡರೆ ಎಡಿಟ್‌ನಲ್ಲಿ ಬಣ್ಣದ ಪರಿವರ್ತನೆ ಆಗಿಲ್ಲ ಎಂದು ತಿಳಿಯಬೇಕು.

ಹಿನ್ನೆಲೆ ಹಾಡಿಗೆ ಹಕ್ಕುಸ್ವಾಮ್ಯದ ತಕರಾರು ಬಂದಿದೆಯೇ ಎಂಬುದನ್ನೂ ಇದೇ ಹಂತದಲ್ಲಿ ಯೂಟ್ಯೂಬ್ ಸ್ಟುಡಿಯೋದಲ್ಲಿ ನೋಡಬಹುದು. ಎಲ್ಲ ಸರಿಯಿದ್ದರೆ ಅದೇ ವಿಡಿಯೋವನ್ನು `Public` ಮಾಡಿದರಾಯಿತು, ಲಿಂಕ್ ಬದಲಾಗುವುದಿಲ್ಲ.

ಪಕ್ಕದಲ್ಲಿಟ್ಟುಕೊಳ್ಳಲು ಪಟ್ಟಿ

* ಮಾತು ಎರಡೂ ಕಿವಿಗೆ ಬರುತ್ತಿದೆಯೇ? ಮೋನೋದಲ್ಲೂ ಉಳಿಯುತ್ತದೆಯೇ?
* ಭಾಷಣ, ಸಂಗೀತ ಎರಡನ್ನೂ ಬೇರೆ ಬೇರೆ ಅಳೆದದ್ದಾಯಿತೇ? ಪೀಕ್ -1ರ ಒಳಗಿದೆಯೇ?
* ತುಟಿ ಮತ್ತು ಮಾತು ಆರಂಭ, ಮಧ್ಯ, ಕೊನೆಯಲ್ಲಿ ಹೊಂದುತ್ತವೆಯೇ?
* ಹೆಸರು, ದಿನಾಂಕವನ್ನು ಬೇರೆಯವರು ಮೂಲದೊಂದಿಗೆ ತಾಳೆ ನೋಡಿದರೇ?
* ಒತ್ತಕ್ಷರ ಎಲ್ಲೂ ಒಡೆದಿಲ್ಲವೇ? ಎರಡು ಬಾರಿ ಓದುವಷ್ಟು ಹೊತ್ತು ಅಕ್ಷರ ಇದೆಯೇ?
* ಕಪ್ಪು ಫ್ರೇಮ್, ಉಳಿಕೆ ಫ್ರೇಮ್ ಇಲ್ಲವೇ? ಫೈಲಿನ ಅವಧಿ ಕಾರ್ಯಕ್ರಮದ ಅವಧಿಯಷ್ಟೇ ಇದೆಯೇ?
* `Unlisted` ಪ್ರತಿಯನ್ನು ಫೋನ್‌ನಲ್ಲಿ ಪೂರ್ತಿ ನೋಡಿದ್ದಾಯಿತೇ?

ಯಾವುದಾದರೂ ಒಂದನ್ನು ತಿದ್ದಿ ಮತ್ತೆ ಎಕ್ಸ್‌ಪೋರ್ಟ್ ಮಾಡಿದರೆ ಅದು ಹೊಸ ಫೈಲ್. ತಿದ್ದಿದ ಜಾಗ ಮಾತ್ರ ನೋಡಿ ಬಿಡಬಾರದು. ಕ್ಲಿಪ್ ಒಂದನ್ನು ಸರಿಸಿದಾಗ ಅದರ ನಂತರದ ಶೀರ್ಷಿಕೆ, ಧ್ವನಿ ಎಲ್ಲವೂ ಜಾರಿರಬಹುದು. ಕಪ್ಪು ಫ್ರೇಮ್ ಆದೇಶ ಮತ್ತು ಫೋನ್‌ನಲ್ಲಿ ಪೂರ್ತಿ ನೋಡುವ ಸುತ್ತು, ಇವೆರಡನ್ನಂತೂ ಪ್ರತಿ ಸಲವೂ ಮೊದಲಿನಿಂದ ಮಾಡಲೇಬೇಕು.