ಫ್ಲ್ಯಾಟ್‌ನ ಮೇಂಟೆನೆನ್ಸ್ ಬಿಲ್‌ನಲ್ಲಿರುವ ಸಿಂಕಿಂಗ್ ಫಂಡ್, ಕಾರ್ಪಸ್ ಫಂಡ್ ಅಂದರೆ ಏನು? ಲೆಕ್ಕ ಹಾಕುವುದು ಹೇಗೆ?

ಬೆಂಗಳೂರಿನಿಂದ ಮುಂಬೈಗೆ ಬಂದು ಫ್ಲ್ಯಾಟ್ ಕೊಂಡವರ ಕೈಗೆ ಸೊಸೈಟಿಯ ಮೊದಲ ಬಿಲ್ ಬಂದಾಗ, ಅದರಲ್ಲಿ ನೀರು, ಲಿಫ್ಟ್, ಸೆಕ್ಯೂರಿಟಿ ಖರ್ಚಿನ ಜತೆಗೆ 'ಸಿಂಕಿಂಗ್ ಫಂಡ್' ಎಂಬ ಸಾಲೂ ಇರುತ್ತದೆ. ಬೆಂಗಳೂರಿನಲ್ಲೋ ಹೈದರಾಬಾದ್‌ನಲ್ಲೋ ಫ್ಲ್ಯಾಟ್ ಕೊಂಡಿದ್ದವರಿಗೆ 'ಕಾರ್ಪಸ್ ಫಂಡ್' ಎಂಬ ಹೆಸರು ಗೊತ್ತಿರುತ್ತದೆ. ಹೀಗಾಗಿ ಎರಡೂ ಒಂದೇ ಇರಬೇಕು ಎಂದು ಹಲವರು ಅಂದುಕೊಳ್ಳುತ್ತಾರೆ. ಆದರೆ ಎರಡೂ ಒಂದೇ ಅಲ್ಲ. ಯಾವುದನ್ನು ಯಾವಾಗ ಕಟ್ಟಬೇಕು, ಆ ಹಣ ಯಾವುದಕ್ಕೆ ಖರ್ಚಾಗಬೇಕು, ಅದು ನಿಜವಾಗಿಯೂ ಉಳಿದಿದೆಯೇ ಎಂದು ನೋಡುವುದು ಹೇಗೆ ಎಂಬ ವಿವರ ಇಲ್ಲಿದೆ.

ಎರಡರ ನಡುವಿನ ವ್ಯತ್ಯಾಸ

ಕಾರ್ಪಸ್ ಎಂದರೆ ಮೂಲಧನ. ಹೊಸ ಅಪಾರ್ಟ್‌ಮೆಂಟ್‌ನಲ್ಲಿ ಫ್ಲ್ಯಾಟ್‌ನ ಕೀಲಿ ಕೈಗೆ ಬರುವ ಹೊತ್ತಿಗೆ ಬಿಲ್ಡರ್ ಪ್ರತಿ ಮಾಲೀಕರಿಂದ ಒಂದೇ ಸಲ ಇದನ್ನು ವಸೂಲಿ ಮಾಡುತ್ತಾರೆ. ಆಮೇಲೆ ನಿವಾಸಿಗಳ ಸಂಘ ರಚನೆಯಾದಾಗ ಆ ಮೊತ್ತ ಸಂಘದ ಖಾತೆಗೆ ಬರಬೇಕು. ಸಾಮಾನ್ಯವಾಗಿ ಅಸಲನ್ನು ಠೇವಣಿಯಲ್ಲಿಟ್ಟು, ಬಡ್ಡಿಯನ್ನು ಮಾತ್ರ ಬಳಸುತ್ತಾರೆ.

ಸಿಂಕಿಂಗ್ ಫಂಡ್ ಹಾಗಲ್ಲ. ಅದನ್ನು ತಿಂಗಳ ಅಥವಾ ಮೂರು ತಿಂಗಳ ಬಿಲ್‌ನಲ್ಲಿ ಸ್ವಲ್ಪ ಸ್ವಲ್ಪವಾಗಿ, ಕಟ್ಟಡ ಇರುವಷ್ಟು ಕಾಲವೂ ಕಟ್ಟಬೇಕು. ಕಟ್ಟಡ ಹಳೆಯದಾಗಿ ಪಿಲ್ಲರ್, ಬೀಮ್, ಸ್ಲ್ಯಾಬ್‌ಗಳಿಗೆ ದೊಡ್ಡ ರಿಪೇರಿ ಬೇಕಾದಾಗ ಈ ಹಣ ಹೊರಗೆ ಬರುತ್ತದೆ. 'ಸಿಂಕಿಂಗ್' ಎಂದರೆ ಮುಳುಗುವುದು ಎಂಬ ಅರ್ಥವಿದ್ದರೂ ಇಲ್ಲಿ ಹಣ ಮುಳುಗಿಹೋಗುವುದಿಲ್ಲ. ಮುಂದೆ ಬರುವ ದೊಡ್ಡ ಖರ್ಚನ್ನು ತೀರಿಸಲು ಈಗಿನಿಂದಲೇ ಎತ್ತಿಡುವ ನಿಧಿಗೆ ಲೆಕ್ಕಪತ್ರದ ಭಾಷೆಯಲ್ಲಿ ಬಹಳ ಹಿಂದಿನಿಂದ ಇರುವ ಹೆಸರು ಇದು.

ಮಹಾರಾಷ್ಟ್ರದಲ್ಲಿ ದರ ಎಷ್ಟು?

ಮುಂಬೈ, ಠಾಣೆ, ಪುಣೆಯ ಹೆಚ್ಚಿನ ಅಪಾರ್ಟ್‌ಮೆಂಟ್‌ಗಳು ಕೋಆಪರೇಟಿವ್ ಹೌಸಿಂಗ್ ಸೊಸೈಟಿಗಳಾಗಿ ನೋಂದಣಿಯಾಗಿವೆ. ಇವುಗಳಿಗೆ ಇರುವ ಮಾದರಿ ಬೈಲಾ ಪ್ರಕಾರ, ಪ್ರತಿ ಫ್ಲ್ಯಾಟ್‌ನ ನಿರ್ಮಾಣ ವೆಚ್ಚದ ಮೇಲೆ ವರ್ಷಕ್ಕೆ ಕನಿಷ್ಠ ಶೇ. 0.25ರಷ್ಟನ್ನು ಸಿಂಕಿಂಗ್ ಫಂಡ್‌ಗೆ ಪಡೆಯಬೇಕು. ಇದಕ್ಕಿಂತ ಹೆಚ್ಚು ದರ ಬೇಕಿದ್ದರೆ ಸರ್ವಸದಸ್ಯರ ಸಭೆ ತೀರ್ಮಾನಿಸಬಹುದು.

ಬಿಲ್‌ನಲ್ಲಿ ಇದರ ಪಕ್ಕದಲ್ಲೇ 'ರಿಪೇರಿ ಫಂಡ್' ಎಂಬ ಇನ್ನೊಂದು ಸಾಲು ಇರುತ್ತದೆ. ಅದರ ಕನಿಷ್ಠ ದರ ವರ್ಷಕ್ಕೆ ಶೇ. 0.75. ಪೈಪ್ ಬದಲಿಸುವುದು, ಪೇಂಟಿಂಗ್‌ನಂಥ ಮಾಮೂಲಿ ಕೆಲಸಗಳಿಗೆ ರಿಪೇರಿ ಫಂಡ್ ಇದೆ. ಸಿಂಕಿಂಗ್ ಫಂಡ್ ಇಂಥ ಕೆಲಸಗಳಿಗಲ್ಲ.

ಒಂದು ಉದಾಹರಣೆ

ಠಾಣೆಯಲ್ಲಿ 40 ಫ್ಲ್ಯಾಟ್‌ಗಳ ಒಂದು ಕಟ್ಟಡ ಇದೆ ಎಂದುಕೊಳ್ಳೋಣ. ಒಂದು ಫ್ಲ್ಯಾಟ್‌ನ ವಿಸ್ತೀರ್ಣ 800 ಚದರ ಅಡಿ. ಕಟ್ಟುವಾಗ ತಗುಲಿದ ವೆಚ್ಚ ಚದರ ಅಡಿಗೆ 3,000 ರೂ. ಅಲ್ಲಿಗೆ ಒಂದು ಫ್ಲ್ಯಾಟ್‌ನ ನಿರ್ಮಾಣ ವೆಚ್ಚ 24 ಲಕ್ಷ ರೂ. ಇದರ ಶೇ. 0.25 ಎಂದರೆ ವರ್ಷಕ್ಕೆ 6,000 ರೂ., ತಿಂಗಳಿಗೆ 500 ರೂ. ರಿಪೇರಿ ಫಂಡ್ ಇದರ ಮೂರು ಪಟ್ಟು, ಅಂದರೆ ತಿಂಗಳಿಗೆ 1,500 ರೂ. ಆಗುತ್ತದೆ.

ಇಲ್ಲಿ ಒಂದು ಅಂಶವನ್ನು ಸರಿಯಾಗಿ ಗಮನಿಸಬೇಕು. ಲೆಕ್ಕಕ್ಕೆ ಹಿಡಿಯುವುದು ಕಟ್ಟಡ ಕಟ್ಟುವಾಗ ಆದ, ಆರ್ಕಿಟೆಕ್ಟ್ ದೃಢೀಕರಿಸಿದ ನಿರ್ಮಾಣ ವೆಚ್ಚವನ್ನು. ಅದರಲ್ಲಿ ಜಾಗದ ಬೆಲೆ ಸೇರುವುದಿಲ್ಲ. ಅದೇ ಫ್ಲ್ಯಾಟನ್ನು ಹೊಸಬರು 1.2 ಕೋಟಿ ರೂ.ಗೆ ಕೊಂಡಿದ್ದರೂ ಲೆಕ್ಕ 24 ಲಕ್ಷದ ಮೇಲೆಯೇ ನಡೆಯಬೇಕು. ಖರೀದಿ ಬೆಲೆಯ ಮೇಲೆ ಹಾಕಿದರೆ ವರ್ಷಕ್ಕೆ 30,000 ರೂ., ತಿಂಗಳಿಗೆ 2,500 ರೂ. ಆಗಿಬಿಡುತ್ತದೆ. ಹಳೆಯ ನಿವಾಸಿಗೆ 500 ರೂ., ಅದೇ ಅಳತೆಯ ಫ್ಲ್ಯಾಟ್‌ನ ಹೊಸ ನಿವಾಸಿಗೆ ಅದಕ್ಕಿಂತ ಬಹಳ ಹೆಚ್ಚು ಬಂದಿದ್ದರೆ ಲೆಕ್ಕದಲ್ಲಿ ತಪ್ಪಾಗಿದೆ ಎಂದೇ ಅರ್ಥ. ಪಕ್ಕದ ಮನೆಯವರ ಬಿಲ್ ಜತೆ ಹೋಲಿಸಿ ನೋಡಿದರೆ ಇದು ತಕ್ಷಣ ಗೊತ್ತಾಗುತ್ತದೆ.

ಈ ಹಣದಲ್ಲಿ ಹೊಸ ಕಟ್ಟಡ ಕಟ್ಟಬಹುದೇ?

ಸಿಂಕಿಂಗ್ ಫಂಡ್ ಇದ್ದರೆ ಮುಂದೆ ಕಟ್ಟಡವನ್ನೇ ಹೊಸದಾಗಿ ಕಟ್ಟಿಕೊಳ್ಳಬಹುದು ಎಂಬ ನಂಬಿಕೆ ಹಲವರಲ್ಲಿದೆ. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ ಇದು ಎಷ್ಟು ನಿಜ ಎಂದು ತಿಳಿಯುತ್ತದೆ.

40 ಫ್ಲ್ಯಾಟ್‌ಗಳಿಂದ ವರ್ಷಕ್ಕೆ 2.4 ಲಕ್ಷ ರೂ. ಸೇರುತ್ತದೆ. 20 ವರ್ಷಕ್ಕೆ ಕಟ್ಟಿದ ಹಣವೇ 48 ಲಕ್ಷ ರೂ. ಅದನ್ನು ಶೇ. 6ರ ಚಕ್ರಬಡ್ಡಿಯ ಠೇವಣಿಯಲ್ಲಿ ಮುಟ್ಟದೆ ಇಟ್ಟಿದ್ದರೆ ಸುಮಾರು 88 ಲಕ್ಷ ರೂ. ಆಗುತ್ತದೆ. ಆದರೆ 20 ವರ್ಷದ ಹಿಂದೆ ಆ ಕಟ್ಟಡವನ್ನು ಕಟ್ಟಲು ಆದ ಖರ್ಚೇ 9.6 ಕೋಟಿ ರೂ. ಅಂದರೆ ಬಡ್ಡಿ ಸೇರಿಸಿದರೂ ಹಳೆಯ ವೆಚ್ಚದ ಹತ್ತರಲ್ಲಿ ಒಂದು ಪಾಲಿನಷ್ಟೂ ಆಗುವುದಿಲ್ಲ. ಇಂದಿನ ವೆಚ್ಚಕ್ಕೆ ಹೋಲಿಸಿದರಂತೂ ಇನ್ನೂ ಕಡಿಮೆ.

ಹೀಗಾಗಿ ಬೈಲಾದಲ್ಲಿ ಪುನರ್ನಿರ್ಮಾಣ ಎಂಬ ಉದ್ದೇಶವನ್ನು ಹೇಳಿದ್ದರೂ, ಕನಿಷ್ಠ ದರದಲ್ಲಿ ಕೂಡಿಟ್ಟ ನಿಧಿ ವಾಸ್ತವದಲ್ಲಿ ಒಂದು ದೊಡ್ಡ ರಿಪೇರಿಗೆ ಆಸರೆಯಾಗುತ್ತದೆ, ಅಷ್ಟೇ. ಆ ಆಸರೆಯೂ ಇಲ್ಲದಿದ್ದರೆ ರಿಪೇರಿಯ ವರ್ಷ ಪ್ರತಿ ಮನೆಯವರೂ ಲಕ್ಷಗಟ್ಟಲೆ ಹಣವನ್ನು ಒಮ್ಮೆಲೇ ಹೊಂದಿಸಬೇಕಾಗುತ್ತದೆ. ನಮ್ಮ ಉದಾಹರಣೆಯ 88 ಲಕ್ಷ ರೂ. ಖಾಲಿಯಾಗಿದ್ದರೆ ಒಂದು ಮನೆಯ ಪಾಲಿಗೆ ಬೀಳುವ ಹೊರೆ 2.2 ಲಕ್ಷ ರೂ.

ಹಣ ತೆಗೆಯಲು ಏನು ನಿಯಮ?

ಸಮಿತಿಯ ಅಧ್ಯಕ್ಷರೋ ಕಾರ್ಯದರ್ಶಿಯೋ ತಮ್ಮಷ್ಟಕ್ಕೆ ಸಿಂಕಿಂಗ್ ಫಂಡ್ ಮುಟ್ಟುವಂತಿಲ್ಲ. ಕಟ್ಟಡವನ್ನು ಗಟ್ಟಿಗೊಳಿಸುವ ಕೆಲಸ ಅಥವಾ ಭಾರಿ ರಿಪೇರಿ ಅಗತ್ಯ ಎಂದು ಆರ್ಕಿಟೆಕ್ಟ್ ದೃಢೀಕರಿಸಬೇಕು. ಸರ್ವಸದಸ್ಯರ ಸಭೆ ನಿರ್ಣಯ ಮಾಡಬೇಕು. ಸಹಕಾರ ಇಲಾಖೆಯ ನೋಂದಣಿ ಅಧಿಕಾರಿಯ ಪೂರ್ವಾನುಮತಿಯನ್ನೂ ಮಾದರಿ ಬೈಲಾ ಕೇಳುತ್ತದೆ. ಅಲ್ಲಿಯವರೆಗೆ ಹಣವನ್ನು ಸಹಕಾರ ಕಾಯ್ದೆ ಒಪ್ಪುವ ಕಡೆ ದೀರ್ಘಾವಧಿಗೆ ಹೂಡಿರಬೇಕು. ಅದರಿಂದ ಬರುವ ಬಡ್ಡಿಯನ್ನೂ ಅದೇ ನಿಧಿಗೆ ಸೇರಿಸಬೇಕು.

ರಿಪೇರಿ ಬೇಕೋ ಬೇಡವೋ ಎಂಬುದು ಸ್ಟ್ರಕ್ಚರಲ್ ಆಡಿಟ್‌ನಲ್ಲಿ ಗೊತ್ತಾಗುತ್ತದೆ. 15ರಿಂದ 30 ವರ್ಷದ ಕಟ್ಟಡಗಳಿಗೆ 5 ವರ್ಷಕ್ಕೊಮ್ಮೆ, 30 ವರ್ಷ ದಾಟಿದವಕ್ಕೆ 3 ವರ್ಷಕ್ಕೊಮ್ಮೆ ಈ ತಪಾಸಣೆ ಮಾಡಿಸಬೇಕು ಎಂದು ಮಾದರಿ ಬೈಲಾ ಹೇಳುತ್ತದೆ. ಹಳೆಯ ಕಟ್ಟಡದಲ್ಲಿ ಫ್ಲ್ಯಾಟ್ ಕೊಳ್ಳುವವರು ಕೊನೆಯ ಆಡಿಟ್ ವರದಿ ಮತ್ತು ಸಿಂಕಿಂಗ್ ಫಂಡ್‌ನ ಮೊತ್ತ ಎರಡನ್ನೂ ಒಟ್ಟಿಗೆ ಕೇಳುವುದು ಒಳ್ಳೆಯದು. ವರದಿ ದೊಡ್ಡ ರಿಪೇರಿ ಸೂಚಿಸಿ, ನಿಧಿ ಚಿಕ್ಕದಾಗಿದ್ದರೆ ಆ ಕೊರತೆ ಹೊಸ ಮಾಲೀಕರ ತಲೆಗೇ ಬರುತ್ತದೆ.

ಹಣ ಇದೆಯೋ ಇಲ್ಲವೋ, ನೋಡುವುದು ಹೇಗೆ?

ಸಾಮಾನ್ಯವಾಗಿ ನಡೆಯುವ ಎಡವಟ್ಟು ಇದು: ಬಿಲ್‌ನಲ್ಲಿ ಸಿಂಕಿಂಗ್ ಫಂಡ್ ಎಂದು ವಸೂಲಿಯಾಗುತ್ತದೆ, ಆದರೆ ಎಲ್ಲ ಹಣವೂ ಒಂದೇ ಬ್ಯಾಂಕ್ ಖಾತೆಗೆ ಬಿದ್ದು ಸೆಕ್ಯೂರಿಟಿ ಸಂಬಳ, ಕರೆಂಟ್ ಬಿಲ್‌ಗೆ ಕರಗಿಹೋಗುತ್ತದೆ. ಕೆಲವರು ಬಿಲ್ ಕಟ್ಟದೆ ಬಾಕಿ ಉಳಿಸಿಕೊಂಡ ಸೊಸೈಟಿಗಳಲ್ಲಿ ಹೀಗಾಗುವುದು ಹೆಚ್ಚು. ಇದನ್ನು ಹಿಡಿಯಲು ಸೊಸೈಟಿಯ ಬ್ಯಾಲೆನ್ಸ್ ಶೀಟ್ ಸಾಕು. ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ನಡೆಯಬೇಕಾದ ವಾರ್ಷಿಕ ಸಭೆಗೆ ಮುನ್ನ ಇದು ಸದಸ್ಯರಿಗೆ ಸಿಗುತ್ತದೆ.

ಅದರ ಒಂದು ಬದಿಯಲ್ಲಿ, ಸೊಸೈಟಿಯ ಹೊಣೆಗಳ ಪಟ್ಟಿಯಲ್ಲಿ, 'ಸಿಂಕಿಂಗ್ ಫಂಡ್' ಎಂಬ ಮೊತ್ತ ಇರುತ್ತದೆ. ಇದು ಈವರೆಗೆ ಸೇರಿರಬೇಕಾದ ಹಣ. ಇನ್ನೊಂದು ಬದಿಯಲ್ಲಿ, ಆಸ್ತಿಗಳ ಪಟ್ಟಿಯಲ್ಲಿ, ಅದೇ ನಿಧಿಯ ಹೆಸರಿನ ಠೇವಣಿ ಇರಬೇಕು. ಎರಡೂ ಹೆಚ್ಚುಕಡಿಮೆ ಸಮನಾಗಿದ್ದರೆ ಹಣ ಇದೆ ಎಂದರ್ಥ. ಒಂದು ಕಡೆ 48 ಲಕ್ಷ, ಇನ್ನೊಂದು ಕಡೆ ಠೇವಣಿ ಕೇವಲ 12 ಲಕ್ಷ ಎಂದಿದ್ದರೆ ಉಳಿದ 36 ಲಕ್ಷ ಬೇರೆ ಖರ್ಚಿಗೆ ಹೋಗಿದೆ ಅಥವಾ ಸದಸ್ಯರಿಂದ ಬರಬೇಕಾದ ಬಾಕಿಯಲ್ಲಿ ಸಿಕ್ಕಿಕೊಂಡಿದೆ. ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಇದೇ.

ಕಾರ್ಪಸ್ ಕಟ್ಟಿದವರು ಏನು ಗಮನಿಸಬೇಕು?

ಬೆಂಗಳೂರು, ಹೈದರಾಬಾದ್, ಚೆನ್ನೈನ ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಕಾರ್ಪಸ್ ಎಷ್ಟು ಎಂಬುದು ಫ್ಲ್ಯಾಟ್ ಮಾರಾಟದ ಒಪ್ಪಂದದಲ್ಲಿರುತ್ತದೆ. ಸಾಮಾನ್ಯವಾಗಿ ಚದರ ಅಡಿಗೆ ಇಷ್ಟು ಎಂದು ನಿಗದಿ ಮಾಡುತ್ತಾರೆ. 1,200 ಚದರ ಅಡಿಯ ಫ್ಲ್ಯಾಟ್‌ಗೆ ಅಡಿಗೆ 60 ರೂ.ನಂತೆ ಎಂದುಕೊಂಡರೆ 72,000 ರೂ. ಇಂಥ 200 ಫ್ಲ್ಯಾಟ್‌ಗಳಿಂದ 1.44 ಕೋಟಿ ರೂ. ಸೇರುತ್ತದೆ. ಶೇ. 6ರ ಬಡ್ಡಿಯಂತೆ ವರ್ಷಕ್ಕೆ 8.64 ಲಕ್ಷ ರೂ. ಬರುತ್ತದೆ. ಪ್ರತಿ ಮನೆಗೆ ಹಂಚಿದರೆ ತಿಂಗಳಿಗೆ 360 ರೂ. ಹೀಗಾಗಿ ಬಿಲ್ಡರ್ ಒಂದು ವರ್ಷ ತಡವಾಗಿ ಹಣ ಹಸ್ತಾಂತರಿಸಿ ಬಡ್ಡಿ ಕೊಡದಿದ್ದರೆ ಸಂಘ ಕಳೆದುಕೊಳ್ಳುವುದು ಈ 8.64 ಲಕ್ಷ ರೂ.

ಬಿಲ್ಡರ್‌ಗಳು ಕಾರ್ಪಸ್ ಜತೆಗೆ ಒಂದೆರಡು ವರ್ಷದ 'ಅಡ್ವಾನ್ಸ್ ಮೇಂಟೆನೆನ್ಸ್' ಕೂಡ ಪಡೆಯುವುದುಂಟು. ಅದು ದಿನನಿತ್ಯದ ಖರ್ಚಿಗೆ ಮುಗಿದುಹೋಗುವ ಹಣ. ಇವೆರಡನ್ನೂ ಒಂದೇ ರಸೀದಿಯಲ್ಲಿ ಬೆರೆಸಿದ್ದರೆ, ಖರ್ಚಾದದ್ದು ಯಾವುದು, ಉಳಿದದ್ದು ಯಾವುದು ಎಂದು ಮುಂದೆ ಸಾಬೀತುಪಡಿಸುವುದು ಕಷ್ಟ. ಬೇರೆ ಬೇರೆ ರಸೀದಿ ಕೇಳಿ ಪಡೆಯುವುದು ಸುರಕ್ಷಿತ.

ಇನ್ನು ಕೆಲವು ಕಡೆ ತಿಂಗಳ ಬಿಲ್‌ನಲ್ಲೇ 'ಕಾರ್ಪಸ್ ಚಾರ್ಜ್' ಎಂದು ಇರುತ್ತದೆ. ಮೊದಲು ಕಟ್ಟಿದ ಕಾರ್ಪಸ್ ಸಾಲದೆ ಸಂಘ ಅದನ್ನು ತುಂಬಿಸುತ್ತಿದೆ ಎಂದು ಇದರ ಅರ್ಥ ಇರಬಹುದು. ಹೆಸರು ಕಾರ್ಪಸ್ ಆದರೂ ಕೆಲಸದಲ್ಲಿ ಅದು ಸಿಂಕಿಂಗ್ ಫಂಡೇ. ಯಾವ ಸಭೆಯ ಯಾವ ನಿರ್ಣಯದಂತೆ, ಎಷ್ಟು ಕಾಲ ಇದು ಮುಂದುವರಿಯುತ್ತದೆ ಎಂದು ಸಂಘವನ್ನು ಕೇಳಬಹುದು.

ಬಾಡಿಗೆದಾರರು ಕಟ್ಟಬೇಕೇ? ಮಾರಿದಾಗ ವಾಪಸ್ ಸಿಗುತ್ತದೆಯೇ?

ಎರಡೂ ನಿಧಿಗಳು ಕಟ್ಟಡಕ್ಕೆ ಸಂಬಂಧಿಸಿದವು. ಆದ್ದರಿಂದ ಇವುಗಳ ಹೊಣೆ ಮಾಲೀಕರದ್ದು. ಸೊಸೈಟಿ ಬಿಲ್ ಕೊಡುವುದೂ ಮಾಲೀಕರ ಹೆಸರಿಗೇ. ಪೂರ್ತಿ ಮೇಂಟೆನೆನ್ಸ್ ತಾವೇ ಕಟ್ಟುವುದಾಗಿ ಬಾಡಿಗೆ ಕರಾರಿನಲ್ಲಿ ಒಪ್ಪಿಕೊಂಡಿದ್ದರೆ ಮಾತ್ರ ಬಾಡಿಗೆದಾರರ ಮೇಲೆ ಬೀಳುತ್ತದೆ. ಸಹಿ ಹಾಕುವ ಮುನ್ನ 'ಸಿಂಕಿಂಗ್ ಫಂಡ್ ಬಿಟ್ಟು' ಎಂದು ಸೇರಿಸಿಕೊಳ್ಳಬಹುದು.

ಫ್ಲ್ಯಾಟ್ ಮಾರಿದಾಗ ಈ ಹಣ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಅದು ಫ್ಲ್ಯಾಟ್‌ನ ಜತೆಗೇ ಹೊಸ ಮಾಲೀಕರ ಪಾಲಾಗಿ ಸಂಘದಲ್ಲೇ ಉಳಿಯುತ್ತದೆ. ದೊಡ್ಡ ಕಾರ್ಪಸ್ ಕಟ್ಟಿದವರು ಅದನ್ನು ಮಾರಾಟದ ಬೆಲೆಯಲ್ಲೇ ಸೇರಿಸಿ ಮಾತನಾಡಿಕೊಳ್ಳಬೇಕು. ಕೊಳ್ಳುವವರು, ಹಿಂದಿನ ಮಾಲೀಕರು ಈ ಸಾಲುಗಳಲ್ಲಿ ಬಾಕಿ ಉಳಿಸಿಲ್ಲ ಎಂಬ ಪತ್ರವನ್ನು ಸೊಸೈಟಿಯಿಂದ ಪಡೆದ ಮೇಲೆಯೇ ಕೊನೆಯ ಕಂತು ಕೊಡುವುದು ಒಳಿತು.