ಮಾರ್ಕಪ್ ಮತ್ತು ಮಾರ್ಜಿನ್: ಮಾರಾಟ ಬೆಲೆ ನಿಗದಿಯಲ್ಲಿ ಆಗುವ ತಪ್ಪು

ರೈತ ಉತ್ಪಾದಕರ ಕಂಪನಿ ಅಥವಾ ಸ್ವಸಹಾಯ ಸಂಘದ ಮಳಿಗೆಯಲ್ಲಿ ಮೌಲ್ಯವರ್ಧಿತ ಪದಾರ್ಥಗಳಿಗೆ ಬೆಲೆ ನಿಗದಿಪಡಿಸುವಾಗ "ಶೇ. 30 ಲಾಭ" ಎಂಬ ಮಾತು ಎರಡು ಬೇರೆ ಅರ್ಥಗಳಲ್ಲಿ ಬಳಕೆಯಾಗುತ್ತದೆ. ಅಸಲು ಬೆಲೆಯ ಮೇಲೆ ಲೆಕ್ಕ ಹಾಕಿದ ಪ್ರಮಾಣ ಮಾರ್ಕಪ್. ಮಾರಾಟ ಬೆಲೆಯ ಮೇಲೆ ಲೆಕ್ಕ ಹಾಕಿದ ಪ್ರಮಾಣ ಮಾರ್ಜಿನ್. ಉಳಿಯುವ ಹಣ ಒಂದೇ ಆದರೂ ಭಾಗಿಸುವ ಮೊತ್ತ ಬೇರೆಯಾದುದರಿಂದ ಮಾರ್ಜಿನ್ ಯಾವಾಗಲೂ ಮಾರ್ಕಪ್‌ಗಿಂತ ಕಡಿಮೆ ಇರುತ್ತದೆ.

ಉದಾಹರಣೆ: ರಾಗಿ ಹುರಿಹಿಟ್ಟು

ಅರ್ಧ ಕಿಲೋ ಹುರಿಹಿಟ್ಟಿನ ಪೊಟ್ಟಣಕ್ಕೆ ರಾಗಿ, ಹುರಿಯುವ ಕೂಲಿ, ಬೀಸುವಿಕೆ ಮತ್ತು ಪ್ಯಾಕಿಂಗ್ ಸೇರಿ ರೂ. 60 ಅಸಲು ತಗಲುತ್ತದೆ ಎಂದುಕೊಳ್ಳಿ. ಮಳಿಗೆಯ ಬಾಡಿಗೆ, ವಿದ್ಯುತ್ ಮತ್ತು ಮಾರಾಟಗಾರರ ಸಂಬಳವನ್ನು ಹಂಚಿದರೆ ಪೊಟ್ಟಣವೊಂದಕ್ಕೆ ರೂ. 16 ಬೀಳುತ್ತದೆ. ಈ ಖರ್ಚನ್ನು ತೂಗಿಸಿ ಸ್ವಲ್ಪ ಉಳಿಯಬೇಕಾದರೆ ಮಾರಾಟದ ಶೇ. 30 ಭಾಗ ಕೈಯಲ್ಲಿ ನಿಲ್ಲಬೇಕೆಂದು ಸಂಘವು ನಿರ್ಧರಿಸಿದೆ.

ಸಾಮಾನ್ಯವಾಗಿ ಆಗುವ ತಪ್ಪೆಂದರೆ 60 ರೂಪಾಯಿಗೆ ಅದರ ಶೇ. 30 ಸೇರಿಸಿ ರೂ. 78 ಬೆಲೆ ಇಡುವುದು. ಆಗ ಉಳಿಯುವುದು ರೂ. 18, ಅಂದರೆ ಮಾರಾಟದ ಶೇ. 23 ಮಾತ್ರ. ಮಳಿಗೆಯ ಖರ್ಚು ಕಳೆದರೆ ನಿವ್ವಳ ಉಳಿಕೆ ರೂ. 2.

ಸರಿಯಾದ ಕ್ರಮದಲ್ಲಿ ಅಸಲನ್ನು 100ರಿಂದ ಗುಣಿಸಿ, 100ರಲ್ಲಿ ಮಾರ್ಜಿನ್ ಕಳೆದು ಬಂದ ಸಂಖ್ಯೆಯಿಂದ ಭಾಗಿಸಬೇಕು:

```
60 × 100 ÷ (100 − 30) = 85.71
```

ಇದನ್ನು ರೂ. 86 ಎಂದು ಇಟ್ಟರೆ ಉಳಿಯುವುದು ರೂ. 26, ಖರ್ಚು ಕಳೆದು ರೂ. 10. ತಿಂಗಳಿಗೆ 500 ಪೊಟ್ಟಣ ಮಾರಿದರೆ ಒಂದರಲ್ಲಿ ರೂ. 1,000, ಇನ್ನೊಂದರಲ್ಲಿ ರೂ. 5,000 ಉಳಿಯುತ್ತದೆ.

ಹಬ್ಬಕ್ಕೆ ಶೇ. 10 ರಿಯಾಯಿತಿ ಕೊಟ್ಟಾಗ ಈ ತಪ್ಪು ನಷ್ಟವಾಗಿ ಪರಿಣಮಿಸುತ್ತದೆ. ರೂ. 78ರ ಪೊಟ್ಟಣ ರೂ. 70.20ಕ್ಕೆ ಹೋದರೆ ಪ್ರತಿಯೊಂದರ ಮೇಲೂ ರೂ. 5.80 ಕೈಬಿಡುತ್ತದೆ. ರೂ. 86ರ ಪೊಟ್ಟಣ ರೂ. 77.40ಕ್ಕೆ ಹೋದರೂ ರೂ. 1.40 ಉಳಿಯುತ್ತದೆ.

ಬೇಕಾದ ಮಾರ್ಜಿನ್‌ಗೆ ಅಸಲಿನ ಮೇಲೆ ಸೇರಿಸಬೇಕಾದ ಪ್ರಮಾಣ

| ಮಾರ್ಜಿನ್ (ಶೇ.) | ಮಾರ್ಕಪ್ (ಶೇ.) |
|---|---|
| 20 | 25 |
| 25 | 33.3 |
| 30 | 42.9 |
| 50 | 100 |

ತಪ್ಪನ್ನು ಗುರುತಿಸುವ ಬಗೆ

ತಿಂಗಳ ಕೊನೆಯಲ್ಲಿ ಒಟ್ಟು ಮಾರಾಟದಿಂದ ಮಾರಾಟವಾದ ಸರಕಿನ ಅಸಲನ್ನು ಕಳೆದು, ಉಳಿದುದನ್ನು ಮಾರಾಟದಿಂದಲೇ ಭಾಗಿಸಿರಿ. ಶೇ. 30ರ ಬದಲು ಶೇ. 23ರ ಆಸುಪಾಸು ಬಂದರೆ ಬೆಲೆಯ ಲೆಕ್ಕದಲ್ಲೇ ದೋಷವಿರುವ ಸಂಭವ ಹೆಚ್ಚು. ಅದಕ್ಕಿಂತಲೂ ಕಡಿಮೆ ಬಂದರೆ ತೂಕದ ಕೊರತೆ, ಹಾಳಾದ ಸರಕು ಅಥವಾ ಬರೆದಿಡದ ಉದ್ರಿಯನ್ನೂ ಪರಿಶೀಲಿಸಿರಿ. ಮಾರಾಟ ಬೆಲೆಯಲ್ಲಿ ಜಿ.ಎಸ್.ಟಿ. ಸೇರಿದ್ದರೆ ಅದನ್ನು ಮೊದಲೇ ಕಳೆಯಬೇಕು; ಅದು ಮಳಿಗೆಯ ಆದಾಯವಲ್ಲ.

ನೆರೆಯ ಅಂಗಡಿಗಳಲ್ಲಿ ಅದೇ ಗುಣಮಟ್ಟದ ಹಿಟ್ಟು ರೂ. 80ಕ್ಕೆ ದೊರೆಯುತ್ತಿದ್ದರೆ ರೂ. 86 ನಡೆಯದಿರಬಹುದು. ರೂ. 80ಕ್ಕೆ ಮಾರಿಯೂ ಶೇ. 30 ಮಾರ್ಜಿನ್ ಬೇಕಾದರೆ ಅಸಲು ರೂ. 56 ಮೀರಬಾರದು. ಆಗ ಪೊಟ್ಟಣಕ್ಕೆ ರೂ. 4 ಎಲ್ಲಿ ತಗ್ಗಿಸಬಹುದೆಂಬುದನ್ನು ರಾಗಿ ಖರೀದಿ ಮತ್ತು ಪ್ಯಾಕಿಂಗ್ ಖರ್ಚಿನಲ್ಲಿ ಹುಡುಕಬೇಕಾಗುತ್ತದೆ.